ಉತ್ತರ ಸರಿ, ಕಾರಣ ತಪ್ಪು: ಗಾಳಿಪಟದ ವಿಸ್ತೀರ್ಣ ನಾನು ಕಲಿಸಿದ ರೀತಿ

ವಜ್ರಾಕೃತಿಯ ವಿಸ್ತೀರ್ಣವನ್ನು ನಾನು ವರ್ಷಗಟ್ಟಲೆ ಒಂದೇ ರೀತಿ ಹೇಳಿಕೊಡುತ್ತಿದ್ದೆ. ಎರಡು ಕರ್ಣಗಳು ಒಂದನ್ನೊಂದು ಸರಿಯಾಗಿ ಅರ್ಧಕ್ಕೆ, ಅದೂ ಲಂಬವಾಗಿ ಕತ್ತರಿಸುತ್ತವೆ. ಆಗ ಒಳಗೆ ಒಂದೇ ಅಳತೆಯ ನಾಲ್ಕು ಲಂಬಕೋನ ತ್ರಿಭುಜಗಳು ಸಿಗುತ್ತವೆ. ಒಂದರ ವಿಸ್ತೀರ್ಣ ಕಂಡುಹಿಡಿದು ನಾಲ್ಕರಿಂದ ಗುಣಿಸಿದರೆ ½ × d₁ × d₂ ಬರುತ್ತದೆ. ಮಕ್ಕಳಿಗೂ ಸುಲಭ, ನನಗೂ ಸುಲಭ.

ಒಂದು ದಿನ ಎಂಟನೇ ತರಗತಿಯ ಮಕ್ಕಳಿಗೆ ಗಾಳಿಪಟದ ಲೆಕ್ಕ ಕೊಟ್ಟೆ. ಕರ್ಣಗಳು 21 ಸೆಂ.ಮೀ. ಮತ್ತು 24 ಸೆಂ.ಮೀ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 21ರ ಅರ್ಧ 10.5, 24ರ ಅರ್ಧ 12. ಒಂದು ತ್ರಿಭುಜ ½ × 10.5 × 12 = 63. ನಾಲ್ಕು ಸೇರಿ 252 ಚದರ ಸೆಂ.ಮೀ.

ಉತ್ತರ 252 ಸರಿಯಾಗಿಯೇ ಇದೆ. ಆದರೆ ಗಾಳಿಪಟದಲ್ಲಿ ಆ ನಾಲ್ಕು ತ್ರಿಭುಜಗಳು ಒಂದೇ ಅಳತೆಯವಲ್ಲ. ಅಡ್ಡ ಕರ್ಣ ಮಾತ್ರ ಸರಿಯಾಗಿ ಅರ್ಧ ಆಗುತ್ತದೆ. ಉದ್ದಕ್ಕೆ ನಿಂತ ಕರ್ಣ ಮೇಲೆ ಸ್ವಲ್ಪ, ಕೆಳಗೆ ಜಾಸ್ತಿ ಎಂದು ಒಡೆಯುತ್ತದೆ. ಅವಳಿಗೇ ಇದು ಹೊಳೆದು ಕೇಳಿದಳು, "ಟೀಚರ್, ಚಿತ್ರದಲ್ಲಿ ಮೇಲಿನ ತ್ರಿಭುಜ ಚಿಕ್ಕದು ಅಲ್ವಾ? ಮತ್ತೆ ಉತ್ತರ ಹೇಗೆ ಸರಿ ಬಂತು?"

ಆ ಕ್ಷಣಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಸೂತ್ರ ಎರಡಕ್ಕೂ ಒಂದೇ ಎಂದು ಗೊತ್ತಿತ್ತು. ಆದರೆ ನಾನು ಹೇಳಿಕೊಟ್ಟ ಕಾರಣ ವಜ್ರಾಕೃತಿಗೆ ಮಾತ್ರ ಹೊಂದುವಂಥದ್ದು. ಮನೆಗೆ ಬಂದು ಕಾಗದ, ಕತ್ತರಿ ಹಿಡಿದು ಕೂತೆ.

ಎ4 ಹಾಳೆಯ ಅಗಲ ಸರಿಯಾಗಿ 21 ಸೆಂ.ಮೀ. ಉದ್ದವನ್ನು 29.7ರಿಂದ 24ಕ್ಕೆ ಕತ್ತರಿಸಿದೆ. ಈಗ ಕೈಯಲ್ಲಿ 24 × 21ರ ಆಯತ. 24ರ ಬದಿ ಅಡ್ಡಕ್ಕೆ ಬರುವಂತೆ ಇಟ್ಟೆ. ಮೇಲಿನ ಅಂಚಿನ ನಡುವೆ ಒಂದು ಚುಕ್ಕಿ, ಕೆಳಗಿನ ಅಂಚಿನ ನಡುವೆ ಒಂದು ಚುಕ್ಕಿ. ಎಡ, ಬಲ ಅಂಚುಗಳಲ್ಲಿ ಮೇಲಿನಿಂದ 5 ಸೆಂ.ಮೀ. ಕೆಳಗೆ ಒಂದೊಂದು ಚುಕ್ಕಿ. ನಾಲ್ಕನ್ನೂ ಸೇರಿಸಿದರೆ ಅದೇ ಗಾಳಿಪಟ. ಉದ್ದಕ್ಕೆ ನಿಂತ ಕರ್ಣ 21, ಅದು 5 ಮತ್ತು 16 ಆಗಿ ಒಡೆದಿದೆ. ಅಡ್ಡ ಕರ್ಣ 24, ಅದು 12 ಮತ್ತು 12. ಬಾಹುಗಳು ಮೇಲೆ 13, 13, ಕೆಳಗೆ 20, 20.

ಕರ್ಣಗಳನ್ನೂ ಎಳೆದಾಗ ವಿಷಯ ಕಣ್ಣಿಗೇ ಕಂಡಿತು. ಅವು ಇಡೀ ಆಯತವನ್ನು ನಾಲ್ಕು ಚಿಕ್ಕ ಆಯತಗಳಾಗಿ ಒಡೆಯುತ್ತವೆ. ಮೇಲಿನ ಎರಡು 12 × 5, ಕೆಳಗಿನ ಎರಡು 12 × 16. ಗಾಳಿಪಟದ ಒಂದೊಂದು ಬಾಹುವೂ ಒಂದೊಂದು ಚಿಕ್ಕ ಆಯತವನ್ನು ಮೂಲೆಯಿಂದ ಮೂಲೆಗೆ ಸೀಳುತ್ತದೆ. ಅಂದರೆ ಪ್ರತಿ ಚಿಕ್ಕ ಆಯತದಲ್ಲೂ ಅರ್ಧ ಗಾಳಿಪಟದ ಒಳಗೆ, ಅರ್ಧ ಹೊರಗೆ. ನಾಲ್ಕೂ ಅರ್ಧ ಆದ ಮೇಲೆ ಇಡೀ ಗಾಳಿಪಟ ಇಡೀ ಆಯತದ ಅರ್ಧವೇ ಆಗಬೇಕು. ಆಯತ 24 × 21 = 504, ಅರ್ಧ 252. ಚಿಕ್ಕ ಆಯತಗಳು ಒಂದೇ ಅಳತೆ ಇರಬೇಕೆಂಬ ಮಾತೇ ಇಲ್ಲ.

ಹುಡುಗಿಯ 63 ಎಲ್ಲಿಂದ ಬಂತು ಎಂಬುದೂ ಈಗ ಗೊತ್ತಾಯಿತು. ನಿಜವಾದ ತ್ರಿಭುಜಗಳು 30, 30, 96, 96. ಕೂಡಿದರೆ 252. ಅವುಗಳ ಸರಾಸರಿ 63. ಅವಳು ಮೇಲಿನದಕ್ಕೆ ಜಾಸ್ತಿ ಕೊಟ್ಟಿದ್ದಳು, ಕೆಳಗಿನದಕ್ಕೆ ಅಷ್ಟೇ ಕಡಿಮೆ ಮಾಡಿದ್ದಳು. 21 ಎಲ್ಲಿ ಒಡೆದರೂ ಎರಡು ತುಂಡು ಕೂಡಿ 21 ತಾನೇ?

ಮರುದಿನ ತರಗತಿಯಲ್ಲಿ ಎಲ್ಲರಿಂದಲೂ ಇದನ್ನೇ ಮಾಡಿಸಿದೆ. ಇಲ್ಲಿ ಒಂದು ಎಚ್ಚರಿಕೆ. ನಾಲ್ಕು ಮೂಲೆಗಳನ್ನು ಒಳಗೆ ಮಡಚಿದರೆ ಗಾಳಿಪಟ ಸರಿಯಾಗಿ ಮುಚ್ಚುವುದಿಲ್ಲ, ಒಂದರ ಮೇಲೊಂದು ಏರುತ್ತದೆ. ಕೆಲವರು ಮಡಚಿ ನೋಡಿ "ಹೊಂದಲ್ಲ ಟೀಚರ್" ಎಂದರು. ಮೂಲೆಯನ್ನು ಕತ್ತರಿಸಿ ಅರ್ಧ ಸುತ್ತು ತಿರುಗಿಸಿ ಇಡಬೇಕು. ಆಗ ಅದರ ಲಂಬಕೋನ ಕರ್ಣಗಳು ಕೂಡುವ ಜಾಗಕ್ಕೆ ಬಂದು ಕೂರುತ್ತದೆ. ನಾಲ್ಕು ತುಂಡೂ ಕೂತಾಗ ಗಾಳಿಪಟದಲ್ಲಿ ಚೂರೂ ಜಾಗ ಉಳಿಯುವುದಿಲ್ಲ.

ಆಮೇಲೆ ಅಕ್ಕಪಕ್ಕದ ಚುಕ್ಕಿಗಳನ್ನು ಒಟ್ಟಿಗೆ ಕೆಳಗೆ ಜಾರಿಸಿ ಅಂದೆ. 5ರ ಬದಲು 8, ಆಮೇಲೆ 10.5. ಸರಿಯಾಗಿ 10.5ಕ್ಕೆ ಬಂದಾಗ ಗಾಳಿಪಟ ವಜ್ರಾಕೃತಿ ಆಗುತ್ತದೆ. ವಿಸ್ತೀರ್ಣ ಎಲ್ಲ ಕಡೆಯೂ 252. ವಜ್ರಾಕೃತಿಯಲ್ಲಿ ಕರ್ಣಗಳು ಅರ್ಧಕ್ಕೆ ಕತ್ತರಿಸುವುದು ನಿಜ, ಆದರೆ ಸೂತ್ರಕ್ಕೆ ಅದು ಬೇಕಾಗಿಯೇ ಇರಲಿಲ್ಲ.

ಹಾಗಾದರೆ ಬೇಕಾಗಿದ್ದು ಏನು? ಒಬ್ಬ ಹುಡುಗ ಎಡಗಡೆ ಚುಕ್ಕಿ 5ರಲ್ಲಿ, ಬಲಗಡೆ ಚುಕ್ಕಿ 15ರಲ್ಲಿ ಇಟ್ಟಿದ್ದ. ಅವನ ಅಡ್ಡ ಕರ್ಣ ಓರೆಯಾಗಿತ್ತು. ಅಳೆದರೆ 26 ಸೆಂ.ಮೀ. ಸೂತ್ರಕ್ಕೆ ಹಾಕಿದ, ½ × 21 × 26 = 273 ಬಂತು. ನಾನು ಉದ್ದಕ್ಕೆ ನಿಂತ ಕರ್ಣದ ಮೇಲೆ ಕತ್ತರಿಸಲು ಹೇಳಿದೆ. ಎರಡು ತ್ರಿಭುಜ ಸಿಕ್ಕವು, ಎರಡಕ್ಕೂ ಪಾದ 21, ಎತ್ತರ 12. ಒಂದೊಂದು 126, ಒಟ್ಟು 252. ಸೂತ್ರ 21 ಚದರ ಸೆಂ.ಮೀ. ಜಾಸ್ತಿ ಹೇಳಿತ್ತು. ನಮಗೆ ಬೇಕಾಗಿದ್ದು ಎರಡು ಎತ್ತರಗಳ ಮೊತ್ತ, ಅದು 24. ಅಡ್ಡ ಕರ್ಣ ಲಂಬವಾಗಿದ್ದರೆ ಮಾತ್ರ ಅದರ ಉದ್ದವೂ ಆ ಮೊತ್ತವೂ ಒಂದೇ. ಓರೆಯಾದರೆ ಕರ್ಣದ ಉದ್ದ ಯಾವಾಗಲೂ ಜಾಸ್ತಿ ಇರುತ್ತದೆ, ಹಾಗಾಗಿ ಸೂತ್ರವೂ ಜಾಸ್ತಿಯೇ ತೋರಿಸುತ್ತದೆ.

ಗಾಳಿಪಟದಲ್ಲಿ ಕರ್ಣಗಳು ಲಂಬ ಎಂದು ಹೇಗೆ ನಂಬುವುದು? ಉದ್ದಕ್ಕೆ ನಿಂತ ಕರ್ಣದ ಮೇಲೆ ಮಡಚಿ. ಪಕ್ಕಪಕ್ಕದ ಬಾಹುಗಳು ಜೋಡಿಯಾಗಿ ಸಮ ಇರುವುದರಿಂದ ಎಡಭಾಗ ಬಲಭಾಗದ ಮೇಲೆ ಸರಿಯಾಗಿ ಕೂರುತ್ತದೆ. ಮಡಿಕೆಯ ಎರಡು ಪಕ್ಕದ ಕೋನಗಳೂ ಒಂದರ ಮೇಲೊಂದು ಬಂದವು, ಅಂದರೆ ಸಮ. ಎರಡೂ ಸೇರಿ 180 ಡಿಗ್ರಿ. ಹಾಗಾಗಿ ಒಂದೊಂದು 90. ವಜ್ರಾಕೃತಿಗೂ ಇದೇ ಮಾತು. ಸುಮ್ನೆ ಸಮಾಂತರ ಚತುರ್ಭುಜ ತಂದು ಮಡಚಿದರೆ ಹೀಗೆ ಕೂರುವುದಿಲ್ಲ, ಅದಕ್ಕೆ ಈ ಸೂತ್ರವನ್ನೂ ಹಾಕಬಾರದು.

ಮೊದಲು ಪ್ರಶ್ನೆ ಕೇಳಿದ ಹುಡುಗಿಯೇ ಮುಂದಿನ ವಾರ ಇನ್ನೊಂದು ಚಿತ್ರ ತಂದಳು. ಅವೇ 13, 13, 20, 20ರ ಬಾಹುಗಳು, ಆದರೆ ಮೇಲಿನ ತುದಿಯನ್ನು ಒಳಗೆ ತಳ್ಳಿ ಬಾಣದ ತುದಿಯ ಹಾಗೆ ಮಾಡಿದ್ದಳು. 24ರ ಕರ್ಣ ಈಗ ಆಕೃತಿಯ ಹೊರಗೇ ಇದೆ. "ಇದಕ್ಕೂ ಬರುತ್ತಾ ಟೀಚರ್?" ಅಂದಳು.

ನೀನೇ ನೋಡು ಅಂದೆ. ದೊಡ್ಡ ತ್ರಿಭುಜ ½ × 24 × 16 = 192. ಅದರಿಂದ ತೆಗೆದುಹಾಕಬೇಕಾದ ಚಿಕ್ಕ ತ್ರಿಭುಜ ½ × 24 × 5 = 60. ಉಳಿದದ್ದು 132. ಇನ್ನೊಂದು ಕರ್ಣ ಈಗ 16 + 5 ಅಲ್ಲ, 16 − 5, ಅಂದರೆ 11. ಅವಳು ಕೆಳಗೆ ½ × 24 × 11 ಎಂದು ಬರೆದು, ಗುಣಿಸಿ, 132ರ ಸುತ್ತ ಗೆರೆ ಎಳೆದಳು.