ಒಂಬೈನೂರರ ಸೀರೆ ಪಕ್ಕ ನಾಲ್ಕೂವರೆ ಸಾವಿರದ ಇಳಕಲ್

ಬಾಗಲಕೋಟೆಯಲ್ಲಿ ಕೂತು ಕೈಮಗ್ಗದ ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಗೂಗಲ್ ಶಾಪಿಂಗ್ ಜಾಹೀರಾತು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ದೊಡ್ಡ ತೊಂದರೆ ಬೆಲೆಯದು. ಯಾರಾದರೂ ‘ಇಳಕಲ್ ಸೀರೆ’ ಅಂತ ಹುಡುಕಿದರೆ ನಮ್ಮ 4,500 ರೂಪಾಯಿ ಸೀರೆಯ ಪಕ್ಕದಲ್ಲೇ 900 ರೂಪಾಯಿಯ ಪವರ್‌ಲೂಮ್ ಸೀರೆ ಬರುತ್ತದೆ. ಅಷ್ಟು ಸಣ್ಣ ಫೋಟೋದಲ್ಲಿ ಎರಡರ ಸೆರಗೂ ಒಂದೇ ಥರ. ಒಡಲಿನ ನೂಲಿಗೆ ಸೆರಗಿನ ನೂಲು ಸೇರಿಸುವ ಕೊಂಡಿ ಅಲ್ಲಿ ಕಾಣುವುದೇ ಇಲ್ಲ. ಕಾಣುವುದು ಬೆಲೆ ಮಾತ್ರ.

ಅದಕ್ಕೇ ಜಾಹೀರಾತಿನಲ್ಲಿ ಕೊಂಡವರು ಕೊಟ್ಟ ಸ್ಟಾರ್ ರೇಟಿಂಗ್ ಕಾಣಿಸಬೇಕಾಯಿತು. ಸರ್ಚ್ ಜಾಹೀರಾತಿನಲ್ಲಿ ಬರುವ ಸ್ಟಾರ್ ಅಂಗಡಿಯದು. ಶಾಪಿಂಗ್‌ನಲ್ಲಿ ಫೋಟೋದ ಕೆಳಗೆ ಬರುವುದು ಆ ಸಾಮಾನಿನದು. ಇದಕ್ಕೆ ಅಂಗಡಿಯ ಎಲ್ಲ ಸಾಮಾನು ಸೇರಿ ಕನಿಷ್ಠ 50 ರಿವ್ಯೂ ಇರಬೇಕು, ಆಯಾ ಸಾಮಾನಿಗೆ ಕನಿಷ್ಠ 3. ಕೈಮಗ್ಗದ ಸೀರೆಗೆ ಕಂಪನಿ ಮಾಲಿನ ಹಾಗೆ ಬಾರ್‌ಕೋಡ್ ನಂಬರ್ ಇರುವುದಿಲ್ಲ. ಹಾಗಾಗಿ ಗೂಗಲ್‌ಗೆ ಕೊಡುವ ಸಾಮಾನಿನ ಪಟ್ಟಿಯಲ್ಲಿ `brand` ಕಾಲಂ ಮತ್ತು ತಯಾರಕರ ನಂಬರ್ ಬರೆಯುವ `mpn` ಕಾಲಂ ಎರಡನ್ನೂ ನಾವೇ ತುಂಬಿದೆವು, ಗೂಗಲ್‌ಗೆ ಕಳಿಸುವ ರಿವ್ಯೂ ಫೈಲಿನಲ್ಲೂ ಅವನ್ನೇ ಕೊಟ್ಟೆವು. ಸೀರೆಗೊಂದು ನಂಬರ್ ಕೊಟ್ಟರೆ ರಿವ್ಯೂ ಚದುರಿಹೋಗುತ್ತವೆ. ಅದಕ್ಕೆ ಡಿಸೈನ್‌ಗೊಂದು ನಂಬರ್ ಕೊಟ್ಟೆವು: ಗೋಮಿ ದಡಿಗೆ ಒಂದು, ಚಿಕ್ಕಿ ದಡಿಗೆ ಇನ್ನೊಂದು.

ಸ್ಟಾರ್‌ನಿಂದಲೇ ಕ್ಲಿಕ್ ಜಾಸ್ತಿ ಆಯಿತು ಅಂತ ಹೇಗೆ ಹೇಳುವುದು? ದಸರಾ ಹತ್ತಿರ ಬಂದರೆ ಎಲ್ಲ ಸೀರೆಗೂ ಕ್ಲಿಕ್ ಏರುತ್ತದೆ, ಅಲ್ವಾ? ಅದಕ್ಕೆ ಸ್ಟಾರ್ ಬಂದ ಡಿಸೈನ್‌ಗಳನ್ನು ಅದೇ ವಾರಗಳಲ್ಲಿ ಸ್ಟಾರ್ ಬಾರದ ಡಿಸೈನ್‌ಗಳ ಜೊತೆ ಇಟ್ಟು ನೋಡಿದೆ. ಸಾವಿರ ಸಲ ಕಂಡರೆ ಎಷ್ಟು ಕ್ಲಿಕ್ ಅನ್ನುವುದೇ ಅಳತೆ. ನಮ್ಮ ಕಡಿಮೆ ಬೆಲೆಯ ಹತ್ತಿ ಸೀರೆಗಳಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೇ. ಅಲ್ಲಿ ಬೆಲೆಯೇ ಜನರನ್ನು ಕರೆಯುತ್ತದೆ. ದುಬಾರಿ ಸೀರೆಗಳಲ್ಲಿ ಮಾತ್ರ ಸ್ಟಾರ್ ಇದ್ದವು ಸ್ಪಷ್ಟವಾಗಿ ಮುಂದೆ ಹೋದವು. ‘ಪಕ್ಕದ್ದಕ್ಕಿಂತ ಇಷ್ಟೊಂದು ಜಾಸ್ತಿ ಯಾಕೆ?’ ಅನ್ನುವ ಅನುಮಾನ ಬಂದವರಿಗೆ ಒಳಗೆ ಬಂದು ನೋಡಲು ಅದೊಂದು ಕಾರಣ ಆಯಿತು ಅನ್ನುವುದು ನನ್ನ ಲೆಕ್ಕ. ಆರ್ಡರ್ ಕೂಡ ಇವುಗಳಲ್ಲೇ ಏರಿತು. ಇಲ್ಲದಿದ್ದರೆ ಸುಮ್ನೆ ಕ್ಲಿಕ್‌ಗೆ ದುಡ್ಡು ಕೊಟ್ಟ ಹಾಗೆ.

ಒಂದು ಎಚ್ಚರಿಕೆ. ರಿವ್ಯೂ ಕಡಿಮೆ ಇದ್ದಾಗ ಸ್ಟಾರ್ ಬಹಳ ಅಲುಗಾಡುತ್ತದೆ. ಐದು, ಐದು, ಒಂದು ಬಂದರೆ ಸರಾಸರಿ 3.7. ಅದೇ ಇಪ್ಪತ್ತು ಜನ ಐದು ಕೊಟ್ಟ ಮೇಲೆ ಒಬ್ಬರು ಒಂದು ಕೊಟ್ಟರೂ 4.8 ಉಳಿಯುತ್ತದೆ. ಜಾಹೀರಾತಿನಲ್ಲಿ ಸ್ಟಾರ್ ಪಕ್ಕ ರಿವ್ಯೂಗಳ ಸಂಖ್ಯೆಯೂ ಇರುವುದರಿಂದ ನೋಡುವವರು ಅದನ್ನೂ ಗಮನಿಸುತ್ತಾರೆ. ಆದ್ದರಿಂದ ಈಗ ಹೊಸ ಡಿಸೈನ್‌ಗಳನ್ನು ಒಟ್ಟಿಗೆ ಹತ್ತಾರು ಇಳಿಸುವುದಿಲ್ಲ, ಒಂದೆರಡನ್ನೇ ಚೆನ್ನಾಗಿ ಓಡಿಸುತ್ತೇವೆ. ಪಾರ್ಸೆಲ್ ತಲುಪಿದ ದಿನವೇ ರಿವ್ಯೂ ಕೇಳುವುದೂ ಇಲ್ಲ. ಸೀರೆ ಒಂದು ಸಲ ಉಟ್ಟು ಒಗೆಯುವಷ್ಟು ಹೊತ್ತು ಬಿಟ್ಟು, ಬಣ್ಣ ಹೇಗಿದೆ ಅಂತ ಕೇಳುತ್ತೇವೆ.