ಪಟ್ಟಿಯಲ್ಲಿ ಎಷ್ಟು ಜನ, ಸಹಿ ಎಷ್ಟು? ತೀರಿಕೊಂಡವರ ಬ್ಯಾಂಕ್ ಖಾತೆಯ ಹಣ ಪಡೆಯುವ ಬಗೆ

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಖಾತೆಯ ಹಣಕ್ಕಾಗಿ ಬ್ಯಾಂಕಿಗೆ ಹೋದವರು ಒಂದೇ ಓಡಾಟದಲ್ಲಿ ಕೆಲಸ ಮುಗಿಸಿ ಬಂದದ್ದು ಅಪರೂಪ. ಹಲವು ಕುಟುಂಬಗಳ ಅರ್ಜಿ ತುಂಬಲು ಜೊತೆಗೆ ಕುಳಿತು ನಾನು ಕಂಡುಕೊಂಡದ್ದು ಇಷ್ಟು: ಕಾಗದ ಇಲ್ಲವೆಂದು ಅರ್ಜಿ ವಾಪಸಾಗುವುದು ಕಡಿಮೆ, ಇರುವ ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದು ವಾಪಸಾಗುವುದೇ ಹೆಚ್ಚು. ಒಂದರಲ್ಲಿ ವಾರಸುದಾರರು ಮೂವರು, ಇನ್ನೊಂದರಲ್ಲಿ ಐವರು. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು. ಇವನ್ನು ಮನೆಯಲ್ಲೇ ಕುಳಿತು ತಾಳೆ ನೋಡಬಹುದು.

ಮೊದಲು ಖಾತೆಗೆ ನಾಮಿನಿ ಇದ್ದಾರೆಯೇ ಎಂದು ವಿಚಾರಿಸಿ. ಪಾಸ್‌ಬುಕ್ಕಿನಲ್ಲೋ ಠೇವಣಿ ರಸೀದಿಯಲ್ಲೋ ನಾಮಿನಿ ನೋಂದಣಿಯಾಗಿದೆ ಎಂಬ ಗುರುತು ಇರುತ್ತದೆ. ನಾಮಿನಿ ಇದ್ದರೆ, ಅಥವಾ ಇಬ್ಬರಲ್ಲಿ ಯಾರಾದರೂ ಇಲ್ಲವೇ ಉಳಿದವರು ಎಂಬ ಷರತ್ತಿನ ಜಂಟಿ ಖಾತೆಯಾಗಿದ್ದರೆ, ಕೆಲಸ ಹಗುರ: ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ಹಣ ಪಡೆಯುವವರ ಗುರುತಿನ ದಾಖಲೆ, ಇಷ್ಟೇ ಸಾಕು. ಆದರೆ ನಾಮಿನಿ ಹಣವನ್ನು ವಾರಸುದಾರರ ಪರವಾಗಿ ಪಡೆಯುತ್ತಾರೆ ಅಷ್ಟೆ, ಅದರ ಒಡೆಯರಾಗುವುದಿಲ್ಲ.

ಕಷ್ಟ ಇರುವುದು ನಾಮಿನಿ ಇಲ್ಲದ ಖಾತೆಯಲ್ಲಿ. ಈ ಲೇಖನವೂ ಅದರ ಬಗ್ಗೆಯೇ.

ಯಾವ ದಾಖಲೆ, ಯಾವ ಮಿತಿಯವರೆಗೆ

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 26ರಂದು ಹೊಸ ನಿರ್ದೇಶನಗಳನ್ನು ಹೊರಡಿಸಿತು. 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅವನ್ನು ಜಾರಿಗೆ ತರಬೇಕೆಂದು ಹೇಳಿತು. ಅದರಂತೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿವರೆಗೆ ಸರಳ ವಿಧಾನದಲ್ಲಿ ಹಣ ಇತ್ಯರ್ಥವಾಗಬೇಕು. ಬ್ಯಾಂಕ್ ಬಯಸಿದರೆ ಈ ಮಿತಿಯನ್ನು ಏರಿಸಿಕೊಳ್ಳಬಹುದು.

ಮಿತಿಯೊಳಗೆ ಬೇಕಾಗುವುದು ಆರು ಕಾಗದ: ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ಹಣ ಕೇಳುವ ಪ್ರತಿಯೊಬ್ಬರ ಗುರುತಿನ ದಾಖಲೆ, ವಾರಸುದಾರರು ಯಾರೆಂದು ತೋರಿಸುವ ಪತ್ರ, ಹಣ ಕೇಳುವವರು ಸಹಿ ಹಾಕಿದ ಇಂಡೆಮ್ನಿಟಿ ಬಾಂಡ್, ಮತ್ತು ಹಣ ಬೇಡವೆನ್ನುವ ವಾರಸುದಾರರ ನಿರಾಕ್ಷೇಪಣಾ ಪತ್ರ. ಈ ಮಿತಿಯೊಳಗೆ ಹೊರಗಿನ ಜಾಮೀನುದಾರರನ್ನು ಕರೆತರುವಂತೆ ಬ್ಯಾಂಕ್ ಕೇಳುವಂತಿಲ್ಲ. ‘ಇಬ್ಬರು ಜಾಮೀನು ತನ್ನಿ’ ಎಂದರೆ ನಿರ್ದೇಶನದ ದಿನಾಂಕ ಹೇಳಿ ವಿನಯದಿಂದಲೇ ಪ್ರಶ್ನಿಸಿ. ಮಿತಿ ದಾಟಿದರೆ, ವಾರಸುದಾರರಲ್ಲಿ ಜಗಳವಿದ್ದರೆ, ಉಯಿಲಿನ ಬಗ್ಗೆ ತಕರಾರಿದ್ದರೆ ದಾರಿ ಬೇರೆ. ಅಲ್ಲಿ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರದ ಮಾತು ಬರುತ್ತದೆ, ವಕೀಲರನ್ನು ಕಾಣುವುದೇ ಸರಿ.

ಒಂದು ಕುಟುಂಬದ ಲೆಕ್ಕ

ತಿಪಟೂರು ಕಡೆಯ ಒಬ್ಬ ಹಿಂದೂ ರೈತರು ಉಯಿಲು ಬರೆಯದೆ ತೀರಿಕೊಂಡರು ಎಂದುಕೊಳ್ಳಿ. ವಾಣಿಜ್ಯ ಬ್ಯಾಂಕಿನಲ್ಲಿ ಅವರ ಸ್ವಂತ ದುಡಿಮೆಯ ಉಳಿತಾಯ 2 ಲಕ್ಷ, ನಿಶ್ಚಿತ ಠೇವಣಿ 4 ಲಕ್ಷ, ಒಟ್ಟು 6 ಲಕ್ಷ ರೂಪಾಯಿ ಇದೆ. ನಾಮಿನಿ ಇಲ್ಲ. ಮನೆಯಲ್ಲಿ ಹೆಂಡತಿ, ಕಿರಿಯ ಮಗ. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಹಿರಿಯ ಮಗ ಮೂರು ವರ್ಷದ ಹಿಂದೆಯೇ ತೀರಿಕೊಂಡಿದ್ದಾನೆ, ಅವನ ಹೆಂಡತಿ ಮತ್ತು 11 ವರ್ಷದ ಮಗಳು ತವರಿನಲ್ಲಿದ್ದಾರೆ. ರೈತರ ತಾಯಿ, 84ರ ಅಜ್ಜಿ, ಇನ್ನೂ ಇದ್ದಾರೆ.

‘ವಾರಸುದಾರರು ಎಷ್ಟು ಜನ?’ ಎಂದರೆ ಈ ಮನೆಯವರು ‘ಮೂವರು’ ಎನ್ನುತ್ತಾರೆ: ಹೆಂಡತಿ, ಮಗ, ಮಗಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಲೆಕ್ಕದಲ್ಲಿ ಅವರು ಆರು ಜನ. ತೀರಿಕೊಂಡವರ ತಾಯಿ ಮೊದಲ ದರ್ಜೆಯ ವಾರಸುದಾರಳು. ತಂದೆಗಿಂತ ಮೊದಲೇ ತೀರಿಕೊಂಡ ಮಗನ ಹೆಂಡತಿ ಮತ್ತು ಮಕ್ಕಳೂ ಅದೇ ದರ್ಜೆಯವರು. ನಾನು ನೋಡಿದ ಅರ್ಜಿಗಳಲ್ಲಿ ಅತಿ ಹೆಚ್ಚು ಬಿಟ್ಟುಹೋದ ಹೆಸರುಗಳು ಇವೇ. ಕೆಲವೊಮ್ಮೆ ಮರೆತು, ಕೆಲವೊಮ್ಮೆ ಬೇಕೆಂದೇ. ಮೂಲೆಯಲ್ಲಿ ಕುಳಿತ ಅಜ್ಜಿಗೆ ತನ್ನದೂ ಒಂದು ಪಾಲಿದೆ ಎಂದು ಹೇಳುವವರೇ ಇರುವುದಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗಿದೆ.

ಪಾಲು ಹೀಗಾಗುತ್ತದೆ. ಹೆಂಡತಿ, ಮಗ, ಮಗಳು, ತಾಯಿ ತಲಾ ಒಂದು ಪಾಲು, ತೀರಿಕೊಂಡ ಮಗನ ಕವಲಿಗೆ ಒಂದು ಪಾಲು. ಒಟ್ಟು ಐದು ಪಾಲು, ತಲಾ 1,20,000 ರೂಪಾಯಿ. ಸೊಸೆ ಮತ್ತು ಮೊಮ್ಮಗಳು ತಮ್ಮ ಕವಲಿನ ಪಾಲನ್ನು 60,000ದಂತೆ ಹಂಚಿಕೊಳ್ಳುತ್ತಾರೆ.

ಈಗ ಒಂದು ಹಾಳೆಯಲ್ಲಿ ಈ ಆರು ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಮುಂದಿನ ಪ್ರತಿ ಕಾಗದವನ್ನೂ ಈ ಹಾಳೆಯ ಪಕ್ಕದಲ್ಲಿಟ್ಟೇ ನೋಡಬೇಕು.

ಕಾಗದ ಒಂದೊಂದನ್ನೂ ತಾಳೆ ನೋಡುವುದು

ಮರಣ ಪ್ರಮಾಣಪತ್ರವನ್ನು ಪಾಸ್‌ಬುಕ್ಕಿನ ಪಕ್ಕಕ್ಕಿಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಖಾತೆಯಲ್ಲಿ ಇನಿಶಿಯಲ್ ಸಹಿತ ಹೆಸರಿದ್ದು ಪ್ರಮಾಣಪತ್ರದಲ್ಲಿ ಬರಿಯ ಹೆಸರಿದ್ದರೆ, ಅಥವಾ ಹೆಸರಿನ ಕೊನೆಯ ‘ಅಪ್ಪ’ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಎರಡೂ ಒಬ್ಬರದೇ ಹೆಸರು ಎಂಬ ಅಫಿಡವಿಟ್ಟನ್ನು ಬ್ಯಾಂಕ್ ಸಾಮಾನ್ಯವಾಗಿ ಒಪ್ಪುತ್ತದೆ. ಸಾವಿನ ದಿನಾಂಕ ತಪ್ಪಿದ್ದರೆ ಅಫಿಡವಿಟ್ ನಡೆಯದು. ಜನನ ಮರಣ ನೋಂದಣಾಧಿಕಾರಿಯ ಬಳಿಯೇ ತಿದ್ದುಪಡಿ ಮಾಡಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಈ ಕಾಗದವನ್ನೇ ಎಲ್ಲಕ್ಕಿಂತ ಮೊದಲು ನೋಡಿ. ನೋಂದಣಿ ಸಂಖ್ಯೆ, ಸಾವಿನ ಸ್ಥಳ, ಗಂಡ ಅಥವಾ ತಂದೆಯ ಹೆಸರಿನ ಕಾಲಂ ಖಾಲಿ ಉಳಿದಿಲ್ಲ ತಾನೇ ಎಂಬುದನ್ನೂ ಗಮನಿಸಿ.

ಗುರುತಿನ ದಾಖಲೆಯ ವಿಷಯ ಚಿಕ್ಕದು. ಆಧಾರ್, ಮತದಾರರ ಗುರುತಿನ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಉದ್ಯೋಗ ಖಾತರಿ ಯೋಜನೆಯ ಜಾಬ್ ಕಾರ್ಡ್ ನಡೆಯುತ್ತವೆ. ಪಡಿತರ ಚೀಟಿ ಮತ್ತು ಪ್ಯಾನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ. ಪಡಿತರ ಚೀಟಿಯೊಂದನ್ನೇ ಹಿಡಿದು ಬಂದು ವಾಪಸಾದವರು ಬಹಳ.

ವಾರಸುದಾರರ ಪತ್ರದ ಮೇಲೆ ಉಳಿದ ಕಾಗದಗಳೆಲ್ಲ ನಿಂತಿರುತ್ತವೆ. ನಮ್ಮ ರಾಜ್ಯದಲ್ಲಿ ನಾಡಕಚೇರಿಯಲ್ಲಿ ಅರ್ಜಿ ಹಾಕಿ ವಂಶವೃಕ್ಷ ದೃಢೀಕರಣ ಪತ್ರ ಪಡೆಯುವುದು ರೂಢಿ. ನಿಮ್ಮ ಬ್ಯಾಂಕ್ ಶಾಖೆ ಯಾವ ಪತ್ರವನ್ನು ಒಪ್ಪುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ಪತ್ರ ಕೈಗೆ ಬಂದಾಗ ಆರು ಹೆಸರುಗಳ ಹಾಳೆಯೊಂದಿಗೆ ಹೋಲಿಸಿ. ತೀರಿಕೊಂಡ ಹಿರಿಯ ಮಗನ ಹೆಸರಿನ ಮುಂದೆ ‘ಮರಣ’ ಎಂದಷ್ಟೇ ಬರೆದು ಗೆರೆ ನಿಂತಿದ್ದರೆ ಪತ್ರ ಅಪೂರ್ಣ: ಅವನ ಕೆಳಗೆ ಹೆಂಡತಿ ಮತ್ತು ಮಗಳು ಬರಬೇಕು. ತಾಯಿಯ ಹೆಸರು ಇಲ್ಲದಿದ್ದರೂ ಅಪೂರ್ಣವೇ. ಮೇಲಿರುವ ಆರ್‌ಡಿ ಸಂಖ್ಯೆ ಸ್ಪಷ್ಟವಾಗಿ ಮುದ್ರಣವಾಗಿದೆಯೇ ನೋಡಿ, ಬ್ಯಾಂಕಿನವರು ಅದನ್ನೇ ಹಾಕಿ ಪರಿಶೀಲಿಸುತ್ತಾರೆ. ಮಿತಿಯೊಳಗಿನ ಮೊತ್ತವಾದರೆ ಈ ಪತ್ರದ ಬದಲಿಗೆ, ಕುಟುಂಬವನ್ನು ಚೆನ್ನಾಗಿ ಬಲ್ಲ ಆದರೆ ಸಂಬಂಧಿಕರಲ್ಲದ, ಬ್ಯಾಂಕ್ ಒಪ್ಪುವ ಒಬ್ಬರ ಘೋಷಣೆಯೂ ಸಾಕು. ಊರಿನ ಶಾಲೆಯ ಮೇಷ್ಟ್ರು ಆಗಬಹುದು, ಸೋದರಮಾವ ಆಗಲಾರರು.

ಇನ್ನು ನಿರಾಕ್ಷೇಪಣಾ ಪತ್ರ. ನಮ್ಮ ಉದಾಹರಣೆಯಲ್ಲಿ ಮಗ, ಮಗಳು, ಅಜ್ಜಿ ತಮ್ಮ ಪಾಲನ್ನು ರೈತರ ಹೆಂಡತಿಗೆ ಬಿಟ್ಟುಕೊಡುತ್ತಾರೆ ಎನ್ನಿ. ಸೊಸೆ ತನ್ನ ಮತ್ತು ಮಗಳ ಪಾಲು ಕೇಳುತ್ತಾಳೆ. ಆಗ ಹಣ ಕೇಳುವವರು ಮೂವರು: ಹೆಂಡತಿ, ಸೊಸೆ, ಸೊಸೆಯ ಮೂಲಕ ಮಗು. ಬಿಟ್ಟುಕೊಡುವವರು ಮೂವರು. ಕೂಡಿದರೆ ಆರು. ವಾರಸುದಾರರ ಪತ್ರದಲ್ಲೂ ಆರು. ಲೆಕ್ಕ ಕೂಡಿತು. ಈ ಎರಡು ಸಂಖ್ಯೆಗಳು ಸರಿಹೊಂದುವವರೆಗೆ ಬ್ಯಾಂಕಿನ ಮೆಟ್ಟಿಲು ಹತ್ತಬೇಡಿ.

11 ವರ್ಷದ ಹುಡುಗಿಯಿಂದ ಬಿಟ್ಟುಕೊಡುವ ಪತ್ರ ಬರೆಸಲಾಗದು, ಅಪ್ರಾಪ್ತರ ಸಹಿಗೆ ಬೆಲೆಯಿಲ್ಲ. ತಾಯಿ ಅವಳ ಪರವಾಗಿ ಪಾಲನ್ನು ಬಿಟ್ಟುಕೊಡಲು ಹೊರಟರೂ ಬ್ಯಾಂಕ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ತಾಯಿ ಪೋಷಕಿಯಾಗಿರುವ ಖಾತೆಯೊಂದನ್ನು ಮಗುವಿನ ಹೆಸರಿನಲ್ಲಿ ತೆರೆದಿಟ್ಟರೆ ಅವಳ 60,000 ಅಲ್ಲಿಗೆ ಹೋಗುತ್ತದೆ.

ಅಜ್ಜಿಗೆ ಸಹಿ ಬಾರದು, ಹೆಬ್ಬೆಟ್ಟು ಒತ್ತಬೇಕು. ಶಾಯಿ ಹೆಚ್ಚಾಗಿ ಗೆರೆಗಳು ಕಲೆಸಿದರೆ ಆ ಗುರುತು ಉಪಯೋಗಕ್ಕೆ ಬಾರದು. ಬೆರಳನ್ನು ಬಟ್ಟೆಯಿಂದ ಒರೆಸಿ, ಹಗುರವಾಗಿ ಶಾಯಿ ತಾಗಿಸಿ, ಒಂದೇ ಸಲ ಒತ್ತಿ ಎತ್ತಿಸಿ. ಯಾವ ಕೈಯ ಹೆಬ್ಬೆಟ್ಟು ಎಂದು ಪಕ್ಕದಲ್ಲೇ ಬರೆದು ಸಾಕ್ಷಿಗಳ ಸಹಿ ಮಾಡಿಸಿ. ಬ್ಯಾಂಕಿನ ಅಧಿಕಾರಿಯ ಎದುರಿಗೇ ಆದರೆ ಇನ್ನೂ ಒಳ್ಳೆಯದು. ಒತ್ತಿಸುವ ಮೊದಲು ಪತ್ರವನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ. ‘ಅಜ್ಜಿ, ಇದರಲ್ಲಿ ನಿಮ್ಮದು ಒಂದು ಲಕ್ಷದ ಇಪ್ಪತ್ತು ಸಾವಿರ ಇದೆ, ಅದನ್ನು ಈಗ ತೀರಿಕೊಂಡ ನಿಮ್ಮ ಮಗನ ಹೆಂಡತಿಗೆ ಬಿಡುತ್ತಿದ್ದೀರಿ, ಒಪ್ಪಿಗೆಯೇ?’ ಎಂದು ಕೇಳಿ. ಒಪ್ಪದಿದ್ದರೆ ಅವರ ಹೆಸರು ಹಣ ಕೇಳುವವರ ಪಟ್ಟಿಗೆ ಬರುತ್ತದೆ, ಅಷ್ಟೆ. ಹುಬ್ಬಳ್ಳಿಯ ಮಗಳಿಗೂ ಖಾಲಿ ನಮೂನೆ ಕಳಿಸಿ ಸಹಿ ಹಾಕಿಸಿಕೊಳ್ಳಬೇಡಿ. ಖಾತೆ ಸಂಖ್ಯೆ, ತಂದೆಯ ಹೆಸರು, ಯಾರ ಪರವಾಗಿ ಬಿಡುತ್ತಿದ್ದಾಳೆ ಎಂಬುದೆಲ್ಲ ತುಂಬಿದ ಮೇಲೆಯೇ ಸಹಿ.

ಇಂಡೆಮ್ನಿಟಿ ಬಾಂಡ್ ಎಂದರೆ ನಾಳೆ ಬೇರೆ ಯಾರಾದರೂ ಹಕ್ಕು ಹೇಳಿಕೊಂಡು ಬಂದರೆ ಬ್ಯಾಂಕಿಗಾಗುವ ನಷ್ಟವನ್ನು ತುಂಬಿಕೊಡುತ್ತೇವೆ ಎಂಬ ಮುಚ್ಚಳಿಕೆ. ಎಷ್ಟು ರೂಪಾಯಿಯ ಇ-ಸ್ಟಾಂಪ್ ಬೇಕೆಂದು ಶಾಖೆಯಲ್ಲೇ ಕೇಳಿ ಖರೀದಿಸಿ. ಇಲ್ಲಿ ನೋಡಬೇಕಾದ್ದು ಮೂರು. ಸ್ಟಾಂಪಿನ ದಿನಾಂಕ ಸಹಿಯ ದಿನಾಂಕಕ್ಕಿಂತ ಮುಂಚಿನದೋ ಅದೇ ದಿನದ್ದೋ ಆಗಿರಬೇಕು, ನಂತರದ್ದಾಗಬಾರದು. ಉಳಿತಾಯ ಖಾತೆ ಮತ್ತು ನಿಶ್ಚಿತ ಠೇವಣಿ ಎರಡರ ಸಂಖ್ಯೆಯೂ ಇರಬೇಕು, ಒಂದನ್ನೇ ಬರೆದು ಇನ್ನೊಂದಕ್ಕೆ ಮತ್ತೆ ಬಾಂಡ್ ಮಾಡಿಸಿದವರಿದ್ದಾರೆ. ಹಣ ಕೇಳುವ ಎಲ್ಲರ ಸಹಿ ಪ್ರತಿ ಪುಟದಲ್ಲೂ ಇರಬೇಕು.

ಸಲ್ಲಿಸುವ ದಿನ

ಮೂಲ ಕಾಗದಗಳನ್ನು ತೋರಿಸಲು ಜೊತೆಗೆ ಒಯ್ಯಿರಿ, ಎಲ್ಲದರ ಒಂದು ನಕಲು ಮನೆಯಲ್ಲಿರಲಿ. ಏನೇನು ಕೊಟ್ಟಿರಿ ಎಂಬ ಪಟ್ಟಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಈ ಮೊಹರು ಏಕೆಂದರೆ, ಎಲ್ಲ ದಾಖಲೆ ತಲುಪಿದ 15 ದಿನದೊಳಗೆ ಬ್ಯಾಂಕ್ ಹಣ ಇತ್ಯರ್ಥ ಮಾಡಬೇಕು. ತನ್ನ ಕಾರಣದಿಂದ ತಡವಾದರೆ ತಡವಾದ ದಿನಗಳಿಗೆ, ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರಕ್ಕೆ ಶೇ 4 ಸೇರಿಸಿದ ವಾರ್ಷಿಕ ದರದಲ್ಲಿ ಬಡ್ಡಿ ಕೊಡಬೇಕು. ಕಾಗದ ಅಪೂರ್ಣ ಎಂದರೆ ಏನು ಕಡಿಮೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಅಲ್ಲಿಯವರೆಗೆ ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಖರ್ಚಿಗೆ ಬೇಕೆಂದು ತೆಗೆದ ಹತ್ತು ಸಾವಿರವೂ ಮುಂದೆ ವಾರಸುದಾರರ ನಡುವೆ ಲೆಕ್ಕಕ್ಕೆ ಬರುತ್ತದೆ, ಸಹಿ ಹಾಕಬೇಕಿದ್ದವರು ಹಿಂದೆ ಸರಿಯುತ್ತಾರೆ.

ಹಣ ಬಂದ ದಿನ ಹಳೆಯ ಖಾತೆಯ ಕೊನೆಯ ವಿವರಪಟ್ಟಿ ಕೇಳಿ. ಠೇವಣಿದಾರರು ತೀರಿಕೊಂಡ ಕಾರಣಕ್ಕೆ ಅವಧಿಗೆ ಮೊದಲೇ ಮುರಿದ ನಿಶ್ಚಿತ ಠೇವಣಿಗೆ ದಂಡ ಕಡಿತ ಮಾಡುವಂತಿಲ್ಲ, ಅದನ್ನು ನೋಡಿಕೊಳ್ಳಿ. ಆಮೇಲೆ ಹೊಸ ಪಾಸ್‌ಬುಕ್ಕುಗಳನ್ನು ತೆರೆದು, ಬಡ್ಡಿ ಬಿಟ್ಟು ಅಸಲಿನಲ್ಲಿ ಹೆಂಡತಿಗೆ 4,80,000, ಸೊಸೆಗೆ 60,000, ಮಗುವಿನ ಖಾತೆಗೆ 60,000 ಜಮೆಯಾಗಿದೆಯೇ ಎಂದು ಕೂಡಿ ನೋಡಿ.