ಅಲ್ಲಿ ಬೆಳಗಾದಾಗ ಇಲ್ಲಿ ರಾತ್ರಿ: ರಿಮೋಟ್ ಇಂಟರ್ನ್‌ಶಿಪ್‌ನಲ್ಲಿ ಕೆಲಸ ಒಪ್ಪಿಸುವುದು ಹೇಗೆ?

ದಾವಣಗೆರೆಯ ಮನೆಯಲ್ಲಿ ಕೂತು ಕ್ಯಾಲಿಫೋರ್ನಿಯಾದ ತಂಡಕ್ಕೆ ಇಂಟರ್ನ್ ಆಗಿದ್ದೀರಿ ಅಂದುಕೊಳ್ಳಿ. ಈಗ ಜುಲೈ. ಅವರು ಬೆಳಿಗ್ಗೆ 9ಕ್ಕೆ ಲಾಗಿನ್ ಆದಾಗ ನಿಮಗೆ ರಾತ್ರಿ 9.30.

ಮೊದಲು ಕ್ಯಾಲೆಂಡರ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎರಡನೇ ಟೈಮ್ ಝೋನ್ ಆಗಿ ಲಾಸ್ ಏಂಜಲೀಸ್ ಸೇರಿಸಿ. ಊರಿನ ಹೆಸರೇ ಹಾಕಿ. ಯಾಕಂದ್ರೆ ಅಲ್ಲಿನವರು ವರ್ಷವಿಡೀ ರೂಢಿಯಲ್ಲಿ PST ಅಂತಲೇ ಬರೆಯುತ್ತಾರೆ, ಆದರೆ ಅದು ಚಳಿಗಾಲದ ಸಮಯ, ಅವರ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಜುಲೈನಲ್ಲಿ PST ಅನ್ನೇ ನಂಬಿ ಲೆಕ್ಕ ಹಾಕಿದರೆ ಮೀಟಿಂಗ್‌ಗೆ ಒಂದು ಗಂಟೆ ತಡವಾಗಿ ಹೋಗುತ್ತೀರಿ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಅವರ ಬೆಳಿಗ್ಗೆ 9ರ ಮೀಟಿಂಗ್ ನಿಮಗೆ ರಾತ್ರಿ 10.30ಕ್ಕೆ, ಮಾರ್ಚ್ ಎರಡನೇ ಭಾನುವಾರದವರೆಗೆ.

ಇನ್ನು ಕೆಲಸ ಒಪ್ಪಿಸುವ ಮೆಸೇಜ್. ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಬೆಳಿಗ್ಗೆ 11ಕ್ಕೆ ನೀವು "ಫೈಲಲ್ಲಿ ಏನೋ ಪ್ರಾಬ್ಲಮ್ ಇದೆ, ಕಾಲ್ ಮಾಡೋಣ್ವಾ?" ಅಂತ ಕಳಿಸುತ್ತೀರಿ. ಮೆಂಟರ್ ಅದನ್ನು ನೋಡುವಾಗ ನಿಮಗೆ ರಾತ್ರಿ. "ಯಾವ ಫೈಲ್?" ಅಂತ ಕೇಳುತ್ತಾರೆ, ಅಷ್ಟರಲ್ಲಿ ನೀವು ಮಲಗಿರುತ್ತೀರಿ. ಒಂದು ಪ್ರಶ್ನೆಗೆ ಎರಡು ದಿನ ಹೋಯಿತು! ಅದರ ಬದಲು ಹೀಗೆ ಬರೆಯಿರಿ (ಇಂಗ್ಲಿಷಿನಲ್ಲಾದರೂ ಕ್ರಮ ಇದೇ):

"`orders.csv` ಕ್ಲೀನ್ ಮಾಡಿ ಮುಗಿಸಿದೆ, ಲಿಂಕ್ ಕೆಳಗಿದೆ. 412 ಸಾಲುಗಳಲ್ಲಿ ತಾರೀಖು ಖಾಲಿ ಇದೆ. ಹಳೇ ಬ್ಯಾಕಪ್‌ನಲ್ಲೂ ಹುಡುಕಿದೆ, ಅಲ್ಲೂ ಇಲ್ಲ. ತೆಗೆಯಲೇ, ಬೇರೆ ಶೀಟ್‌ಗೆ ಹಾಕಲೇ? ಬುಧವಾರ ಬೆಳಿಗ್ಗೆ 10ರೊಳಗೆ (ಭಾರತದ ಸಮಯ) ಉತ್ತರ ಬರದಿದ್ದರೆ ಬೇರೆ ಶೀಟ್‌ಗೆ ಹಾಕಿ ಮುಂದುವರಿಯುತ್ತೇನೆ."

ಕೊನೆಯ ಸಾಲು ನೋಡಿ. ಅದಿದ್ದರೆ ಉತ್ತರ ಬರದಿದ್ದರೂ ಕೆಲಸ ನಿಲ್ಲಲ್ಲ. ಆದರೆ ಆಮೇಲೆ ಸರಿಪಡಿಸಬಹುದಾದ ಕೆಲಸಕ್ಕೆ ಮಾತ್ರ ಹೀಗೆ ಬರೆಯಿರಿ. ಡಿಲೀಟ್ ಮಾಡುವುದು, ಗ್ರಾಹಕರಿಗೆ ಮೇಲ್ ಕಳಿಸುವುದು ಇಂಥದ್ದಕ್ಕೆ ಕಾಯಲೇಬೇಕು. ಸುಮ್ನೆ "ನಾಳೆ" ಅಂತಲೂ ಬರೆಯಬೇಡಿ. ನಿಮ್ಮ ನಾಳೆ ಬೆಳಿಗ್ಗೆ ಅವರಿಗೆ ಇನ್ನೂ ಇವತ್ತೇ, ಅಲ್ವಾ?

ವಿಡಿಯೊ ಕಾಲ್‌ನಲ್ಲಿ ಇಬ್ಬರಿಗೂ ಸಿಗುವುದು ಅರ್ಧ ಗಂಟೆಯೇ ಇರಬಹುದು. ಆದ್ದರಿಂದ ಐದು ನಿಮಿಷ ಮೊದಲೇ ಹೆಡ್‌ಸೆಟ್ ಪರೀಕ್ಷಿಸಿ, ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಡಿ, ಏಕೆಂದರೆ ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ. ದನಿ ಕಡಿದು ಬಂದರೆ ಮೊದಲು ಕ್ಯಾಮೆರಾ ಆಫ್ ಮಾಡಿ, ಹಾಗಂತ ಹೇಳಿ ಮಾಡಿ. ಸ್ಕ್ರೀನ್ ತೋರಿಸುವಾಗ ಬೇಕಾದ ಕಿಟಕಿ ಮಾತ್ರ ಶೇರ್ ಮಾಡಿ, ವಾಟ್ಸ್‌ಆ್ಯಪ್ ಮೆಸೇಜ್‌ಗಳು ಅವರಿಗೆ ಬೇಡ. ಮುಗಿಯುವ ಮುನ್ನ ಯಾರು ಏನು ಮಾಡಬೇಕು ಅಂತ ನೀವೇ ಒಮ್ಮೆ ಓದಿಹೇಳಿ, ಅದನ್ನೇ ಚಾಟ್‌ಗೆ ಹಾಕಿ ಮಲಗಿ.

ವಾರದ ಕೊನೆಗೊಂದು ತೊಡಕಿದೆ. ನಿಮ್ಮ ಸೋಮವಾರ ಬೆಳಿಗ್ಗೆ ಅವರಿಗೆ ಭಾನುವಾರ ರಾತ್ರಿ, ಏನು ಕೇಳಿದರೂ ಸಂಜೆ ದಾಟುವ ತನಕ ಉತ್ತರ ಇಲ್ಲ. ಸೋಮವಾರದ ಕೆಲಸಕ್ಕೆ ಬೇಕಾದ ಫೈಲ್, ಪಾಸ್‌ವರ್ಡ್, ಅನುಮತಿ ಎಲ್ಲವನ್ನೂ ಶುಕ್ರವಾರದ ಕಾಲ್‌ನಲ್ಲೇ ಕೇಳಿ ಇಟ್ಟುಕೊಳ್ಳಿ.